ಪೈಪಿನಲ್ಲಿ ಉಳಿದ ಹೆಪ್ಪು

ಶನಿವಾರ ರಾತ್ರಿ ಚೆನ್ನಾಗಿದ್ದ ಡ್ರಾಫ್ಟ್ ಬಿಯರ್ ಸೋಮವಾರ ಮಧ್ಯಾಹ್ನ ಅದೇ ಪಬ್‌ನಲ್ಲಿ, ಅದೇ ಟ್ಯಾಪ್‌ನಿಂದ ಬಂದಾಗ ಯಾಕೋ ಹಳಸಿದ ಬೆಣ್ಣೆಯ ಹಾಗೆ ಇರುತ್ತದೆ. ಹಿಂದೆಯೇ ಸಣ್ಣ ಹುಳಿ. ಪುಣೆ, ಮುಂಬೈ, ಬೆಂಗಳೂರು ಯಾವ ಊರಿನಲ್ಲಾದರೂ ವಾರದ ನಡುವೆ ಪಬ್‌ಗೆ ಹೋಗುವ ಅಭ್ಯಾಸ ಇರುವವರಿಗೆ ಇದು ಹೊಸದಲ್ಲ. ನಾವು ಸಾಮಾನ್ಯವಾಗಿ ಬಿಯರ್ ಕಂಪನಿಯನ್ನು ಬೈಯುತ್ತೇವೆ, ಇಲ್ಲವೇ ಪಬ್‌ನವನು ನೀರು ಬೆರೆಸಿದ್ದಾನೆ ಎಂದುಕೊಳ್ಳುತ್ತೇವೆ. ಬಹಳ ಸಲ ಎರಡೂ ತಪ್ಪು. ಬಿಯರ್ ಕೆಟ್ಟದ್ದು ಕಾರ್ಖಾನೆಯಲ್ಲೂ ಅಲ್ಲ, ಪೀಪಾಯಿಯಲ್ಲೂ ಅಲ್ಲ. ಪೀಪಾಯಿಯಿಂದ ನಮ್ಮ ಮಗ್‌ವರೆಗಿನ ಪೈಪಿನಲ್ಲಿ.

ಈ ಪೈಪು ನಮಗೆ ಕಾಣುವುದಿಲ್ಲ. ಕೌಂಟರ್ ಮೇಲೆ ಹೊಳೆಯುವ ಟ್ಯಾಪ್ ಮಾತ್ರ ಕಾಣುತ್ತದೆ. ಅದರ ಹಿಂದೆ, ಗೋಡೆಯೊಳಗೋ ನೆಲದಡಿಯಲ್ಲೋ, ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಪೈಪು ಹರಿದು ಹೋಗಿ ಕೋಲ್ಡ್ ರೂಮಿನಲ್ಲಿಟ್ಟ ಸ್ಟೀಲಿನ ಕೆಗ್‌ಗೆ ಸೇರುತ್ತದೆ. ಕೆಗ್‌ನ ಬಾಯಿಗೆ ತಿರುಗಿಸಿ ಕೂರಿಸುವ ಹಿತ್ತಾಳೆ ಅಥವಾ ಸ್ಟೀಲಿನ ತಲೆಗೆ ಕಪ್ಲರ್ ಎನ್ನುತ್ತಾರೆ. ಒಂದು ಕಡೆಯಿಂದ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗಿ ಬಿಯರನ್ನು ತಳ್ಳುತ್ತದೆ, ಇನ್ನೊಂದು ಕಡೆಯಿಂದ ಬಿಯರ್ ಪೈಪಿಗೆ ಏರುತ್ತದೆ. ತನ್ನಲ್ಲೇ ಬಿಯರ್ ಮಾಡುವ ಮೈಕ್ರೋಬ್ರೂವರಿಗಳಲ್ಲಿ ಎಷ್ಟೋ ಕಡೆ ಕೆಗ್ ಇರುವುದಿಲ್ಲ, ದೊಡ್ಡ ಟ್ಯಾಂಕಿನಿಂದಲೇ ಪೈಪು ಬರುತ್ತದೆ. ಅಲ್ಲೂ ಪೈಪು ಇದ್ದೇ ಇದೆ.

ಮುಂಬೈನಲ್ಲಿ ಬಾರು, ಪರ್ಮಿಟ್ ರೂಮು ನಡೆಸುವವರಲ್ಲಿ ಕರಾವಳಿಯ ನಮ್ಮವರು ಬಹಳ ಜನ. ಅಂಥ ಒಬ್ಬರ ಪಬ್‌ನಲ್ಲಿ ಲೈನ್ ತೊಳೆಯುವುದನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದೆ. ತೊಳೆಯಲು ಬಂದವನು ದಾವಣಗೆರೆ ಕಡೆಯ ಹುಡುಗ, ಹಲವು ವರ್ಷಗಳಿಂದ ಇದೇ ಕೆಲಸದಲ್ಲಿದ್ದಾನೆ. ಗೋಧಿ ಬಿಯರಿನ ಟ್ಯಾಪ್ ಬಗ್ಗೆ ದೂರು ಬಂದಿತ್ತು. ಮಾಲೀಕರಿಗೆ ಸಿಟ್ಟು.

"ಎಂತ ಮಾರಾಯ, ವಾರಕ್ಕೊಮ್ಮೆ ಬಿಸಿನೀರು ಬಿಡಿಸ್ತೇನೆ. ಮತ್ತೆಂತ ಮಾಡ್ಬೇಕು?"

"ನೀರು ಬಿಟ್ರೆ ಬಿಯರ್ ಹೋಗುತ್ತೆ ಶೆಟ್ರೆ, ಲೋಳೆ ಹೋಗಲ್ಲ. ಬಾಯಿ ಮುಕ್ಕಳಿಸಿದ್ರೆ ಹಲ್ಲುಜ್ಜಿದಂಗೆ ಆಗುತ್ತಾ?"

ಇಡೀ ವಿಷಯ ಈ ಒಂದು ಉತ್ತರದಲ್ಲಿ ಇದೆ. ಬಿಯರ್ ಅಂದರೆ ಸೂಕ್ಷ್ಮಜೀವಿಗಳಿಗೆ ಅಷ್ಟೇನೂ ಹಿತವಾದ ಜಾಗ ಅಲ್ಲ. ಅದರಲ್ಲಿ ಮದ್ಯ ಇದೆ, ಹುಳಿ ಇದೆ, ಹಾಪ್ಸ್ ಹೂವಿನ ಕಹಿ ಇದೆ, ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರೋಗ ತರುವ ಬ್ಯಾಕ್ಟೀರಿಯಾಗಳು ಮಾಮೂಲಿ ಬಿಯರಿನಲ್ಲಿ ಬೆಳೆಯಲಾರವು. ಕೊಳಕು ಲೈನಿನ ಬಿಯರ್ ಕುಡಿದವರಿಗೆ ಕಾಯಿಲೆ ಬರುವುದಕ್ಕಿಂತ ಬಾಯಿರುಚಿ ಕೆಡುವುದೇ ಹೆಚ್ಚು. (ಮದ್ಯವಿಲ್ಲದ ಬಿಯರನ್ನು ಟ್ಯಾಪ್‌ನಲ್ಲಿ ಕೊಡುವುದು ಬೇರೆಯೇ ಲೆಕ್ಕ. ಅದಕ್ಕೆ ಈ ರಕ್ಷಣೆ ಇಲ್ಲ, ಅಲ್ಲಿ ಕೊಳಕು ನಿಜಕ್ಕೂ ಅಪಾಯ.) ಆದರೆ ಈ ಕಷ್ಟದ ಜಾಗಕ್ಕೂ ಒಗ್ಗಿಕೊಂಡ ಕೆಲವು ಜೀವಿಗಳಿವೆ. ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್ ಎಂಬ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು, ವಿನೆಗರ್ ಮಾಡುವ ಅಸಿಟೊಬ್ಯಾಕ್ಟರ್, ಜೊತೆಗೆ ಕಾಡು ಯೀಸ್ಟ್‌ಗಳು. ಇವುಗಳಲ್ಲಿ ಲ್ಯಾಕ್ಟಿಕ್ ಗುಂಪು ನಮಗೆ ಹೊಸಬರೇನಲ್ಲ. ಮೊಸರು, ದೋಸೆಹಿಟ್ಟು ಎಲ್ಲ ಇದೇ ಬಳಗದ ಕೆಲಸ.

ದೋಸೆಹಿಟ್ಟಿನ ಪಾತ್ರೆಯನ್ನು ಪೂರ್ತಿ ತೊಳೆಯದೆ, ತಳದ ಹಿಟ್ಟಿನ ಮೇಲೇ ಹೊಸ ಹಿಟ್ಟು ಸುರಿದರೆ ಬೇಗ ಹುಳಿ ಬರುತ್ತದೆ ಎನ್ನುವುದು ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ತೊಳೆಯದ ಬಿಯರ್ ಪೈಪು ಮಾಡುವುದೂ ಅದನ್ನೇ. ಹಳೆಯ ಬಿಯರಿನ ಸಕ್ಕರೆ, ಪ್ರೋಟೀನು, ಯೀಸ್ಟು ಒಳಗೋಡೆಗೆ ಅಂಟುತ್ತವೆ. ಅದರ ಮೇಲೆ ಬ್ಯಾಕ್ಟೀರಿಯಾ ನೆಲೆಸಿ, ತಮ್ಮ ಸುತ್ತ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತವೆ. ನೀರಿನ ತೊಟ್ಟಿಯ ಒಳಗೋಡೆಗೆ ಬೆರಳು ತಾಗಿಸಿದರೆ ಜಾರುತ್ತದಲ್ಲ, ಅಂಥದ್ದು. ಆಮೇಲೆ ಎಷ್ಟೇ ತಾಜಾ ಕೆಗ್ ಜೋಡಿಸಿ, ಅದರ ಬಿಯರ್ ಈ ಹೆಪ್ಪಿನ ಮೇಲೆ ಹರಿದೇ ಬರಬೇಕು. ಗೋಧಿ ಬಿಯರಿನಲ್ಲಿ ಯೀಸ್ಟನ್ನು ಸೋಸದೆ ಬಿಡುವುದರಿಂದ ಅದರ ಲೈನಿನಲ್ಲಿ ಅಂಟುವ ಸರಕೂ ಜಾಸ್ತಿ.

ಬೆಣ್ಣೆಯ ವಾಸನೆ ಎಲ್ಲಿಂದ? ಅದಕ್ಕೆ ಕಾರಣ ಡೈಅಸಿಟೈಲ್ ಎಂಬ ಪದಾರ್ಥ. ಬೆಣ್ಣೆಗೆ ಬೆಣ್ಣೆಯ ಪರಿಮಳ ಕೊಡುವುದೂ ಇದೇ. ಪೀಡಿಯೊಕಾಕಸ್ ಇದನ್ನು ಬೇಕಾದಷ್ಟು ಮಾಡುತ್ತದೆ. ಬೆಣ್ಣೆದೋಸೆಯ ಮೇಲೆ ಚೆಂದ, ಲಾಗರ್ ಬಿಯರಿನಲ್ಲಿ ಅಸಹ್ಯ. ಬಾಯಿಗೆ ಸ್ವಲ್ಪ ಜಿಡ್ಡು ಹಚ್ಚಿದ ಹಾಗೂ ಆಗುತ್ತದೆ. ಮೊಸರಿನಂಥ ಹುಳಿ ಲ್ಯಾಕ್ಟಿಕ್ ಗುಂಪಿನದು. ಮೂಗಿಗೆ ಚುಚ್ಚುವ ವಿನೆಗರ್ ಹುಳಿ ಬಂದರೆ ಟ್ಯಾಪ್‌ನ ಮೂತಿಯನ್ನೇ ಅನುಮಾನಿಸಬೇಕು. ಅಸಿಟೊಬ್ಯಾಕ್ಟರ್‌ಗೆ ಗಾಳಿ ಬೇಕು, ಇಡೀ ಲೈನಿನಲ್ಲಿ ಗಾಳಿ ಧಾರಾಳವಾಗಿ ಸಿಗುವುದು ಅಲ್ಲೇ. ಬಾರಿನಲ್ಲಿ ಸುಳಿದಾಡುವ ಸಣ್ಣ ಹಣ್ಣುನೊಣಗಳು ಆ ಒದ್ದೆ ಮೂತಿಯ ಮೇಲೆ ಕೂತು ಅದನ್ನು ತಂದು ಬಿಡುತ್ತವೆ. ಮುಂಬೈ, ಚೆನ್ನೈಯಂಥ ಸೆಖೆಯ ಊರಿನಲ್ಲಿ ಮುಚ್ಚದ ಟ್ಯಾಪ್ ಒಂದು ರಾತ್ರಿ ಹಾಗೇ ಇದ್ದರೂ ಅವಕ್ಕೆ ಹಬ್ಬ.

ಶನಿವಾರ ಸರಿ, ಸೋಮವಾರ ಕೆಟ್ಟದ್ದು ಯಾಕೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಬೇಕು. ನಾನು ನೋಡಿದ ಪಬ್‌ನಲ್ಲಿ ಆರು ಟ್ಯಾಪ್, ಒಂದೊಂದಕ್ಕೂ ಸುಮಾರು 15 ಮೀಟರ್ ಪೈಪು, ಒಳವ್ಯಾಸ 9.5 ಮಿಲಿಮೀಟರ್. ಇಂಥ ಒಂದು ಪೈಪಿನೊಳಗೆ ಸದಾ ಒಂದು ಲೀಟರಿಗಿಂತ ತುಸು ಹೆಚ್ಚು ಬಿಯರ್ ನಿಂತಿರುತ್ತದೆ. ಅರ್ಧ ಲೀಟರಿನ ಮಗ್ ಆದರೆ ಎರಡು ಮಗ್. ಆ ಎರಡು ಮಗ್ ಬಿಯರ್ ತಾಗಿಕೊಂಡಿರುವ ಒಳಗೋಡೆಯ ವಿಸ್ತೀರ್ಣ ಸುಮಾರು ಐದು ಚದರ ಅಡಿ, ಅಂದರೆ ಒಂದು ಸಣ್ಣ ಊಟದ ಮೇಜಿನಷ್ಟು. ಶನಿವಾರ ರಾತ್ರಿ ಎರಡು ನಿಮಿಷಕ್ಕೊಂದು ಮಗ್ ಹೋಗುವಾಗ ಬಿಯರ್ ಪೈಪಿನಲ್ಲಿ ಇರುವುದು ನಾಲ್ಕೈದು ನಿಮಿಷ. ಲೋಳೆಗೆ ಅದನ್ನು ಕೆಡಿಸಲು ಪುರುಸೊತ್ತೇ ಇಲ್ಲ. ಭಾನುವಾರ ರಾತ್ರಿ ಬಾಗಿಲು ಹಾಕಿ ಸೋಮವಾರ ಮಧ್ಯಾಹ್ನ ತೆರೆದರೆ ಅದೇ ಬಿಯರ್ ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಲೋಳೆಯ ಜೊತೆ ಕೂತಿರುತ್ತದೆ. ಆ ದಿನ ಮೊದಲು ಬಂದವನಿಗೆ ಅದರ ಪ್ರಸಾದ.

ಕಾರಣ ಹುಡುಕುವ ದಾರಿಯೂ ಈ ಲೆಕ್ಕದಿಂದಲೇ ಸಿಗುತ್ತದೆ. ಹುಡುಗ ಬಂದವನೇ ಗೋಧಿ ಬಿಯರಿನ ಟ್ಯಾಪ್‌ನಿಂದ ಒಂದರ ಹಿಂದೆ ಒಂದು ನಾಲ್ಕು ಮಗ್ ಹಿಡಿದು ಸಾಲಾಗಿ ಇಟ್ಟ. ಮೊದಲ ಎರಡರಲ್ಲಿ ಬೆಣ್ಣೆ ವಾಸನೆ ಸ್ಪಷ್ಟ. ಮೂರನೆಯದರಲ್ಲಿ ಬಹಳ ಕಡಿಮೆ. ನಾಲ್ಕನೆಯದು ಕುಡಿಯುವ ಹಾಗಿತ್ತು. ಆಮೇಲೆ ಕೋಲ್ಡ್ ರೂಮಿಗೆ ಹೋಗಿ ಅದೇ ಕೆಗ್‌ಗೆ ತನ್ನ ಚೀಲದಿಂದ ತೆಗೆದ ಬೇರೆ ಕಪ್ಲರ್, ಒಂದು ಮೀಟರಿನ ಹೊಸ ಪೈಪು ಜೋಡಿಸಿ ಒಂದು ಲೋಟ ಹಿಡಿದ. ಲವಂಗ, ಬಾಳೆಹಣ್ಣಿನ ಪರಿಮಳ. ಗೋಧಿ ಬಿಯರ್ ಹೇಗಿರಬೇಕೋ ಹಾಗೇ ಇತ್ತು. ಕೆಗ್ ನಿರಪರಾಧಿ. ನಾಲ್ಕು ಮಗ್ಗೂ ಒಂದೇ ಸಮ ಕೆಟ್ಟಿದ್ದು, ಕೆಗ್‌ನ ಬುಡದಲ್ಲೂ ಅದೇ ರುಚಿ ಬಂದಿದ್ದರೆ ತಪ್ಪು ಬಿಯರ್ ಮಾಡಿದವರದು. ಪೂರ್ತಿ ಮಾಗುವ ಮೊದಲೇ ತುಂಬಿದ ಬಿಯರಿನಲ್ಲೂ ಡೈಅಸಿಟೈಲ್ ಉಳಿದಿರುತ್ತದೆ. ಎಲ್ಲವನ್ನೂ ಲೈನಿನ ತಲೆಗೆ ಕಟ್ಟುವುದೂ ಸರಿಯಲ್ಲ. ಒದ್ದೆ ರಟ್ಟಿನ ರುಚಿ ಬಂದರೆ ಅದು ಹಳತಾಗಿ ಆಮ್ಲಜನಕ ತಾಗಿದ ಬಿಯರ್. ಮಗ್ಗಿನ ಒಳಬದಿಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಮಗ್ಗೇ ಸರಿಯಾಗಿ ತೊಳೆದಿಲ್ಲ.

ಇನ್ನು ತೊಳೆಯುವುದು. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಪ್ರಕಟಿಸಿರುವ ಡ್ರಾಫ್ಟ್ ಬಿಯರ್ ಕೈಪಿಡಿಯನ್ನು ಈ ಕಸುಬಿನವರು ಬಹಳ ಕಡೆ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅದು ಹೇಳುವುದು 14 ದಿನಕ್ಕೊಮ್ಮೆ ಕಾಸ್ಟಿಕ್ ದ್ರಾವಣದಿಂದ ತೊಳೆಯಬೇಕು ಎಂದು. ಬ್ರಿಟನ್ನಿನಲ್ಲಿ ಏಳು ದಿನಕ್ಕೊಮ್ಮೆ ತೊಳೆಯುವ ರೂಢಿ. ನಮ್ಮ ಸೆಖೆ, ಆಗಾಗ ಕರೆಂಟ್ ಹೋಗಿ ನಿಲ್ಲುವ ಕೂಲರ್ ನೋಡಿದರೆ 14 ದಿನ ಎನ್ನುವುದು ಕೊನೆಯ ಗಡುವೇ ಹೊರತು ಸಲೀಸಾದ ಅವಧಿ ಅಲ್ಲ. ಮುಖ್ಯವಾದ ಮಾತೆಂದರೆ ತೊಳೆಯುವುದನ್ನು ಕ್ಯಾಲೆಂಡರ್ ನೋಡಿ ಮಾಡಬೇಕು, ನಾಲಿಗೆ ನೋಡಿ ಅಲ್ಲ. ನಾಲಿಗೆಗೆ ಗೊತ್ತಾಗುವ ಹೊತ್ತಿಗೆ ಲೋಳೆ ಗಟ್ಟಿಯಾಗಿ ಕೂತಾಗಿರುತ್ತದೆ, ಒಂದು ಸಲದ ತೊಳೆತಕ್ಕೆ ಬಿಡುವುದಿಲ್ಲ.

ಹುಡುಗ ಮೊದಲು ಗ್ಯಾಸ್ ಬಂದ್ ಮಾಡಿ, ಕಪ್ಲರ್‌ಗಳನ್ನು ಕೆಗ್‌ನಿಂದ ಬಿಡಿಸಿದ. ಪೈಪನ್ನು ತಣ್ಣಗಿಡುವ ಗ್ಲೈಕಾಲ್ ಪಂಪನ್ನೂ ನಿಲ್ಲಿಸಿದ. ಅದು ಓಡುತ್ತಿದ್ದರೆ ಬೆಚ್ಚಗಿನ ದ್ರಾವಣ ದಾರಿಯಲ್ಲೇ ತಣ್ಣಗಾಗುತ್ತದೆ. ಆಮೇಲೆ ಆರು ಟ್ಯಾಪ್‌ಗಳನ್ನೂ ಕಳಚಿ, ಬಿಡಿ ಭಾಗಗಳಾಗಿ ಬಿಚ್ಚಿ, ಬಕೆಟ್ಟಿನಲ್ಲಿ ನೆನೆಹಾಕಿದ. ಎಷ್ಟೋ ಕಡೆ ಈ ಹೆಜ್ಜೆಯನ್ನು ಹಾರಿಸುತ್ತಾರೆ. ಟ್ಯಾಪ್ ಬಿಚ್ಚದೆ ಪೈಪು ಮಾತ್ರ ತೊಳೆದರೆ ವಿನೆಗರ್ ಹುಳಿಯ ಮನೆ ಹಾಗೇ ಉಳಿಯುತ್ತದೆ. ಗೋಧಿ ಬಿಯರಿನ ಟ್ಯಾಪ್‌ನೊಳಗಿಂದ ಬ್ರಷ್ಷಿಗೆ ಹತ್ತಿಕೊಂಡು ಬಂದ ಕಂದು ಲೋಳೆಯನ್ನು ನೋಡಿ ಶೆಟ್ಟರು ಸುಮ್ಮನಾದರು.

ಕೋಲ್ಡ್ ರೂಮಿನ ಕಡೆ ಎರಡೆರಡು ಪೈಪುಗಳ ಕಪ್ಲರ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಸುತ್ತು ಆಗುತ್ತದೆ. ಟ್ಯಾಪ್ ಕಡೆ ಒಂದು ತುದಿಯಲ್ಲಿ ಪಂಪು, ಇನ್ನೊಂದು ತುದಿ ಬಕೆಟ್ಟಿಗೆ. ಮೊದಲು ನೀರು ಹಾಯಿಸಿ ಒಳಗಿನ ಬಿಯರನ್ನು ಹೊರಗೆ ತಳ್ಳಿದ. ಆಮೇಲೆ ಕಾಸ್ಟಿಕ್. ದ್ರಾವಣ ತೂಕದಲ್ಲಿ ಶೇಕಡಾ 2 ಇರಬೇಕು, ಬಹಳ ಹಳೆಯ ಅಥವಾ ಕೆಟ್ಟ ಲೈನಿಗೆ ಶೇಕಡಾ 3. ಹತ್ತು ಕಿಲೋ ದ್ರಾವಣಕ್ಕೆ 200 ಗ್ರಾಂ ಶುದ್ಧ ಕಾಸ್ಟಿಕ್ ಬೇಕಾಯಿತು. ಅವನ ಕ್ಯಾನಿನಲ್ಲಿದ್ದ ದ್ರವದಲ್ಲಿ ಕಾಸ್ಟಿಕ್ ಇದ್ದದ್ದು ಶೇಕಡಾ 25, ಹಾಗಾಗಿ 800 ಗ್ರಾಂ. ಅದನ್ನು ಮಗ್ಗಿನಲ್ಲಿ ಅಳೆಯಲಿಲ್ಲ, ತಕ್ಕಡಿಯಲ್ಲಿ ತೂಗಿದ. ಗಟ್ಟಿ ದ್ರವ ನೀರಿಗಿಂತ ಭಾರ, ಅಳತೆಯಲ್ಲಿ ಹಾಕಿದರೆ ಹೆಚ್ಚಾಗುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಉದ್ದನೆಯ ರಬ್ಬರ್ ಗ್ಲೌಸ್. ನೀರಿಗೆ ಕಾಸ್ಟಿಕ್ ಸುರಿದ, ಕಾಸ್ಟಿಕ್‌ಗೆ ನೀರಲ್ಲ. ತಿರುವುಮುರುವಾದರೆ ಒಮ್ಮೆಗೇ ಕಾದು ಮುಖಕ್ಕೆ ಸಿಡಿಯುತ್ತದೆ.

ನೀರಿನ ಶಾಖ 27ರಿಂದ 43 ಡಿಗ್ರಿ ನಡುವೆ. ತಣ್ಣಗಿದ್ದರೆ ಕಾಸ್ಟಿಕ್ ಸೋಮಾರಿಯಾಗುತ್ತದೆ, ಅದಕ್ಕಿಂತ ಬಿಸಿಯಾದರೆ ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದೆ. ಕುದಿನೀರು ಬಿಡುವ ಉತ್ಸಾಹಿಗಳು ಇದನ್ನು ಗಮನಿಸಬೇಕು. ಪಂಪು ನಿಮಿಷಕ್ಕೆ ಸುಮಾರು ಏಳೂವರೆ ಲೀಟರ್ ಓಡಿಸುತ್ತದೆ, ಟ್ಯಾಪ್‌ನಿಂದ ಬಿಯರ್ ಸುರಿಯುವ ವೇಗದ ಹೆಚ್ಚುಕಡಿಮೆ ಎರಡರಷ್ಟು. ಆ ರಭಸವೇ ಬ್ರಷ್ಷಿನ ಕೆಲಸ ಮಾಡುವುದು. ಪ್ರತಿ ಜೋಡಿಗೂ 15 ನಿಮಿಷ. ಪಂಪ್ ಇಲ್ಲದವರು ದ್ರಾವಣವನ್ನು ಪೈಪಿನಲ್ಲಿ ಕನಿಷ್ಠ 20 ನಿಮಿಷ ನಿಲ್ಲಿಸಿ ನೆನೆಸಬಹುದು, ಆದರೆ ಉದ್ದನೆಯ ಲೈನಿಗೆ ಅದು ಸಾಲದು. ಕೆಲವರು ಖಾಲಿ ಡಬ್ಬಿಗೆ ಕಾಸ್ಟಿಕ್ ತುಂಬಿ ಬಿಯರಿನ ಹಾಗೆ ಇಂಗಾಲದ ಡೈಆಕ್ಸೈಡಿನಿಂದಲೇ ತಳ್ಳುತ್ತಾರೆ. ಆ ಗ್ಯಾಸು ಕಾಸ್ಟಿಕ್ ಜೊತೆ ಸೇರಿ ಅದರ ಶಕ್ತಿಯನ್ನೇ ತಿನ್ನುತ್ತದೆ. ತೊಳೆದ ಹಾಗೂ ಆಯಿತು, ತೊಳೆಯದ ಹಾಗೂ ಆಯಿತು.

ಗೋಧಿ ಬಿಯರಿನ ಜೋಡಿಯ ಸರದಿ ಬಂದಾಗ ಬಕೆಟ್ಟಿಗೆ ವಾಪಸು ಬಂದ ದ್ರಾವಣ ಮೊದಲು ಚಹಾ ಬಣ್ಣಕ್ಕೆ ತಿರುಗಿತು, ಆಮೇಲೆ ಅದರಲ್ಲಿ ಕೆನೆಯ ಚೂರುಗಳ ಹಾಗೆ ಏನೋ ತೇಲಿತು. ಅದನ್ನು ಚೆಲ್ಲಿ, ಹೊಸ ದ್ರಾವಣ ಕಲಸಿ ಇನ್ನೊಮ್ಮೆ ಓಡಿಸಿದ.

ಕುಡಿಯುವವನ ಜೀವಕ್ಕೆ ಸಂಬಂಧಪಟ್ಟ ಹೆಜ್ಜೆ ಇದರ ಮುಂದಿನದು, ಅಂದರೆ ಜಾಲಾಡುವುದು. ಕಾಸ್ಟಿಕ್ ಸೋಡಾ ಕಟ್ಟಿಕೊಂಡ ಚರಂಡಿ ಬಿಡಿಸಲು ಬಳಸುವ ವಸ್ತು. ಲೈನಿನಲ್ಲಿ ಉಳಿದು ಯಾರದಾದರೂ ಮಗ್ಗಿಗೆ ಬಂದರೆ ಬಾಯಿ, ಗಂಟಲು ಸುಟ್ಟುಹೋಗುತ್ತದೆ. ಕೊಳಕು ಲೈನು ರುಚಿ ಕೆಡಿಸಬಹುದು, ಅರ್ಧಂಬರ್ಧ ಜಾಲಾಡಿದ ಲೈನು ಆಸ್ಪತ್ರೆಗೆ ಸೇರಿಸಬಹುದು. ಆದ್ದರಿಂದ "ಸಾಕಷ್ಟು ನೀರು ಬಿಟ್ಟೆ" ಎನ್ನುವುದು ಉತ್ತರ ಅಲ್ಲ. ಹುಡುಗ ನಲ್ಲಿಯ ನೀರಿನಲ್ಲಿ ಒಂದು ಪಿಎಚ್ ಕಾಗದ ಅದ್ದಿ ಬಣ್ಣ ನೋಡಿಟ್ಟುಕೊಂಡ. ಆಮೇಲೆ ಪ್ರತಿಯೊಂದು ಲೈನಿನಿಂದ ಬಂದ ನೀರಿಗೂ ಒಂದೊಂದು ಕಾಗದ. ಎರಡರ ಬಣ್ಣ ಒಂದೇ ಆಗುವವರೆಗೆ ನೀರು ನಿಲ್ಲಿಸಲಿಲ್ಲ. ತೊಳೆಯುವಷ್ಟು ಹೊತ್ತೂ ಟ್ಯಾಪ್‌ಗಳ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ "ಮುಟ್ಟಬೇಡಿ" ಎಂದು ಹಿಂದಿ, ಮರಾಠಿಯಲ್ಲಿ ಬರೆದಿದ್ದ. ಮಧ್ಯದಲ್ಲಿ ವೇಟರ್ ಬಂದು ಗೊತ್ತಿಲ್ಲದೆ ಒಂದು ಮಗ್ ಹಿಡಿದುಬಿಡುವ ಭಯ ಅವನಿಗೆ. ಆ ಭಯ ಇರುವವನನ್ನೇ ಈ ಕೆಲಸಕ್ಕೆ ಇಟ್ಟುಕೊಳ್ಳಬೇಕು.

ಬ್ಲೀಚಿಂಗ್ ಪುಡಿಯಂಥ ಕ್ಲೋರಿನ್ ಇರುವ ವಸ್ತು ಈ ಕೆಲಸಕ್ಕೆ ಬೇಡ. ಉಳಿದ ಅಂಶ ಬಿಯರಿನ ಜೊತೆ ಸೇರಿ ಬ್ಯಾಂಡೇಜಿನ, ಆಸ್ಪತ್ರೆಯ ವಾಸನೆ ತರುತ್ತದೆ.

ಕಾಸ್ಟಿಕ್‌ಗೆ ಬಗ್ಗದ ಒಂದು ಕೊಳೆ ಇದೆ. ಅದಕ್ಕೆ ಬಿಯರ್ ಸ್ಟೋನ್ ಎನ್ನುತ್ತಾರೆ. ಮಾಲ್ಟಿನಿಂದ ಬರುವ ಆಕ್ಸಲೇಟು, ನೀರಿನ ಕ್ಯಾಲ್ಸಿಯಂ ಸೇರಿ ಕಟ್ಟುವ ಗಟ್ಟಿ ಪದರ ಇದು. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಇದೇ ಕ್ಯಾಲ್ಸಿಯಂ ಆಕ್ಸಲೇಟಿನದು. ಅದರ ಒರಟು ಮೈಯ ಸಂದಿಗಳಲ್ಲಿ ಬ್ಯಾಕ್ಟೀರಿಯಾ ಬಚ್ಚಿಟ್ಟುಕೊಳ್ಳುತ್ತವೆ. ಅದೇ ಒರಟು ಮೈ ಬಿಯರಿನೊಳಗಿನ ಗ್ಯಾಸನ್ನು ಕೆದಕಿ ನೊರೆ ಎಬ್ಬಿಸುತ್ತದೆ. ಇದನ್ನು ಕರಗಿಸಲು ಮೂರು ತಿಂಗಳಿಗೊಮ್ಮೆ ಆಮ್ಲದ ತೊಳೆತ ಬೇಕು. ಕಾಸ್ಟಿಕ್ ಪೂರ್ತಿ ಜಾಲಾಡಿದ ಮೇಲೆಯೇ ಆಮ್ಲ, ಎರಡನ್ನೂ ಒಟ್ಟಿಗೆ ಬೆರೆಸುವುದು ಅಪಾಯ. ಆಮ್ಲ ಹಾಕಿದೆವಲ್ಲ, ಈ ಸಲ ಕಾಸ್ಟಿಕ್ ಬೇಡ ಎನ್ನುವ ಹಾಗೂ ಇಲ್ಲ. ಅದು ಕಲ್ಲನ್ನು ಕರಗಿಸುತ್ತದೆ, ಲೋಳೆಯನ್ನು ಕಾಸ್ಟಿಕ್ಕೇ ತೆಗೆಯಬೇಕು.

ಪಬ್‌ನವರು ಯಾಕೆ ತೊಳೆಸುವುದಿಲ್ಲ ಎಂದರೆ ಲೆಕ್ಕ ಸರಳ. ಆರು ಲೈನು ಖಾಲಿ ಮಾಡಿದರೆ ಆರು ಲೀಟರಿಗೂ ಹೆಚ್ಚು ಬಿಯರ್, ಅಂದರೆ ಹನ್ನೆರಡು ಹದಿಮೂರು ಮಗ್, ಮೋರಿಗೆ. ಮತ್ತೆ ತುಂಬುವಾಗ ನೀರು ಬೆರೆತದ್ದು ಇನ್ನಷ್ಟು. ತೊಳೆಯುವವನ ಕೂಲಿ ಬೇರೆ. ಶೆಟ್ಟರೂ ಇದನ್ನೇ ಹೇಳಿದರು. ಹುಡುಗ ವಾದಕ್ಕೆ ಹೋಗಲಿಲ್ಲ. "ನಿಮ್ಮ ಟ್ಯಾಪ್ ಕೆಳಗಿನ ಟ್ರೇಗೆ ದಿನಾ ಎಷ್ಟು ನೊರೆ ಚೆಲ್ತಾರೆ, ಒಂದು ವಾರ ಬಕೆಟ್ಟಿಗೆ ಹಿಡಿದು ನೋಡಿ ಶೆಟ್ರೆ" ಎಂದ ಅಷ್ಟೆ. ಒಂದೊಂದು ಮಗ್ಗಿಗೆ 50 ಮಿಲಿಲೀಟರ್ ಬಿಯರ್ ನೊರೆಯಾಗಿ ಹೋದರೂ 120 ಮಗ್ಗಿಗೆ ಆರು ಲೀಟರ್. ಅಷ್ಟು ಮಗ್ ಒಂದು ಒಳ್ಳೆಯ ಶನಿವಾರದ ವ್ಯಾಪಾರ. ನೊರೆಗೆ ಬೇರೆ ಕಾರಣಗಳೂ ಇವೆ, ಬೆಚ್ಚಗಾದ ಕೆಗ್, ತಪ್ಪು ಒತ್ತಡ. ಆದರೆ ಅವೆಲ್ಲ ಸರಿಯಿದ್ದೂ ನೊರೆ ನಿಲ್ಲದಿದ್ದರೆ ಪೈಪಿನ ಒಳಮೈಯನ್ನೇ ನೋಡಬೇಕು.

ತೊಳೆದೂ ಪ್ರಯೋಜನವಿಲ್ಲದ ಹಂತ ಒಂದಿದೆ. ಮೆತ್ತನೆಯ ವಿನೈಲ್ ಪೈಪು ವಾಸನೆಯನ್ನು ಹೀರಿಕೊಳ್ಳುತ್ತದೆ. ಮಾವಿನಹಣ್ಣಿನ ಸೈಡರ್, ಮೆಣಸಿನಕಾಯಿ ಬಿಯರ್ ಇಂಥದ್ದನ್ನೆಲ್ಲ ಒಂದು ಲೈನಿನಲ್ಲಿ ಓಡಿಸಿದ ಮೇಲೆ ಅದರಲ್ಲಿ ಸಾದಾ ಲಾಗರ್ ಕೊಟ್ಟರೆ ಹಿಂದಿನದರ ನೆರಳು ಹೋಗುವುದಿಲ್ಲ. ವಿನೈಲ್ ತುಂಡುಗಳನ್ನು ವರ್ಷಕ್ಕೊಮ್ಮೆ ಕಿತ್ತು ಹೊಸದು ಹಾಕುವುದೇ ಉಪಾಯ. ಈ ಪಬ್‌ನಲ್ಲೂ ಗೋಧಿ ಬಿಯರಿನ ಕಪ್ಲರ್ ಹತ್ತಿರದ ಎರಡು ಮೀಟರ್ ವಿನೈಲ್ ತುಂಡು ಹಳದಿಯಾಗಿ ಮಂಕಾಗಿತ್ತು. ಹುಡುಗ ಅದನ್ನು ಕತ್ತರಿಸಿ ಹೊಸದು ಜೋಡಿಸಿ, ಹಳೆಯದನ್ನು ಉದ್ದಕ್ಕೆ ಸೀಳಿ ಕೌಂಟರ್ ಮೇಲೆ ಇಟ್ಟು ಹೋದ.

ಗ್ರಾಹಕರಾದ ನಮ್ಮ ಕೈಯಲ್ಲಿರುವುದು ಕಡಿಮೆ, ಆದರೆ ಏನೂ ಇಲ್ಲ ಎಂದಲ್ಲ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋದರೆ ಆ ಪಬ್‌ನಲ್ಲಿ ಅತಿ ಹೆಚ್ಚು ಖರ್ಚಾಗುವ ಬಿಯರನ್ನೇ ಕೇಳಿ. ಅದು ಪೈಪಿನಲ್ಲಿ ನಿಂತಿರುವ ಹೊತ್ತು ಉಳಿದವುಗಳಿಗಿಂತ ಕಡಿಮೆ. ಹೊಸ ಟ್ಯಾಪ್ ಆದರೆ ಮೊದಲು ಒಂದು ಗುಟುಕು ರುಚಿಗೆ ಕೇಳಿ, ಮೈಕ್ರೋಬ್ರೂವರಿಗಳಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ. ಬೆಣ್ಣೆಯೋ ವಿನೆಗರೋ ಅನ್ನಿಸಿದರೆ ಮಗ್ ವಾಪಸು ಕೊಡಿ, "ಬಿಯರ್ ಚೆನ್ನಾಗಿಲ್ಲ" ಎನ್ನುವ ಬದಲು "ಈ ಲೈನ್ ಯಾವತ್ತು ತೊಳೆದದ್ದು?" ಎಂದು ಕೇಳಿ. ತೊಳೆಯುವ ಕಡೆ ತಾರೀಖು ಬರೆದ ಹಾಳೆ ಕೋಲ್ಡ್ ರೂಮಿನ ಬಾಗಿಲಿಗೆ ಅಂಟಿಸಿರುತ್ತಾರೆ, ಮ್ಯಾನೇಜರ್ ಹೋಗಿ ನೋಡಿ ಬಂದು ಹೇಳುತ್ತಾನೆ. "ಕಂಪನಿಯವರು ಬಂದು ಮಾಡ್ತಾರೆ ಸರ್" ಎಂದು ಮಾತ್ರ ಹೇಳಿದರೆ ಅವತ್ತಿಗೆ ಬಾಟಲಿ ತರಿಸಿಕೊಳ್ಳಿ.